ಒಂದು ಹಡಗು ಮಣ್ಣು, ಇಪ್ಪತ್ತೆರಡು ಸಾವಿರ ಟೀವಿ

2010ರ ನವೆಂಬರಿನಲ್ಲಿ ಆಸ್ಟ್ರೇಲಿಯಾದ ರಿಸರ್ವ್ ಬ್ಯಾಂಕಿನ ಗವರ್ನರ್ ಗ್ಲೆನ್ ಸ್ಟೀವನ್ಸ್ ಒಂದು ಭಾಷಣದಲ್ಲಿ ಮೋಜಿನ ಲೆಕ್ಕವೊಂದನ್ನು ಹೇಳಿದರು. ಐದು ವರ್ಷದ ಹಿಂದೆ ಒಂದು ಹಡಗಿನ ತುಂಬ ಕಬ್ಬಿಣದ ಅದಿರು ಕಳಿಸಿದರೆ ಬರುವ ದುಡ್ಡಿಗೆ ಸುಮಾರು 2,200 ಫ್ಲಾಟ್ ಸ್ಕ್ರೀನ್ ಟೀವಿ ಸಿಗುತ್ತಿದ್ದವಂತೆ. ಈಗ ಅದೇ ಹಡಗಿಗೆ 22,000 ಟೀವಿ. ಅದಿರು ದುಬಾರಿಯಾಯಿತು, ಟೀವಿ ಅಗ್ಗವಾಯಿತು, ಎರಡೂ ಸೇರಿ ಹತ್ತು ಪಟ್ಟಾಯಿತು ಎಂದು ಅವರೇ ಬಿಡಿಸಿ ಹೇಳಿದ್ದರು. ಸಾಮಾನ್ಯವಾಗಿ ಕೇಂದ್ರ ಬ್ಯಾಂಕಿನ ಗವರ್ನರುಗಳ ಭಾಷಣ ಕೇಳಿದರೆ ನಿದ್ದೆ ಬರಬೇಕು, ಅದು ಆ ಹುದ್ದೆಯ ಮರ್ಯಾದೆ. ಇವರು ಮಾತ್ರ ಸಂತೆಗೆ ಹೋಗಿಬಂದವರ ಹಾಗೆ ಮಾತಾಡಿದರು. ನಾನು ಬೆಂಗಳೂರಿನ ಒಂದು ಬ್ಯಾಂಕಿನಲ್ಲಿ ವಿದೇಶಿ ವಿನಿಮಯದ ಮೇಜಿನ ಹಿಂದೆ ಕೂತು ತಲೆ ಹಣ್ಣಾಗಿಸಿಕೊಂಡವನು. ದಿನಕ್ಕೊಂದು ದರದ ಬೋರ್ಡು ಬರೆದು ಒರೆಸಿ ಗೊತ್ತೇ ಹೊರತು ಅದನ್ನು ಟೀವಿಯಲ್ಲಿ ಅಳೆಯಬಹುದೆಂದು ನನಗೆ ಹೊಳೆದಿರಲಿಲ್ಲ.

ಕೇಳಿದವರಿಗೆಲ್ಲ ಖುಷಿಯಾಗಿರಬೇಕು. ಮಣ್ಣು ಅಗೆದು ಕಳಿಸುವುದು, ಟೀವಿ ತರಿಸಿಕೊಳ್ಳುವುದು, ಇದಕ್ಕಿಂತ ಸುಖ ಯಾವ ದೇಶಕ್ಕುಂಟು? ಆದರೆ ಆ ಸಭೆಯಲ್ಲಿ ಕಾರು ಮಾಡಿ ಹೊರದೇಶಕ್ಕೆ ಮಾರುವವನು ಯಾರಾದರೂ ಕೂತಿದ್ದರೆ ಅವನಿಗೆ ಎದೆ ಧಸಕ್ ಎಂದಿರಬೇಕು. ಹಡಗಿನ ಲೆಕ್ಕದ ಇನ್ನೊಂದು ಮಗ್ಗುಲು ಅವನ ಫ್ಯಾಕ್ಟರಿಯ ಲೆಕ್ಕ. ಅದನ್ನು ಯಾರೂ ಭಾಷಣದಲ್ಲಿ ಹೇಳುವುದಿಲ್ಲ. ಹಾಗಾಗಿ ನಾನು ಹೇಳುತ್ತೇನೆ. ನಿಮಗೆ ಪುರುಸೊತ್ತಿದ್ದರೆ ಕಾಫಿ ತಂದುಕೊಂಡು ಕೂತುಕೊಳ್ಳಿ.

ಮೊದಲು ಮಣ್ಣು. ಪಶ್ಚಿಮ ಆಸ್ಟ್ರೇಲಿಯಾದ ಉತ್ತರಕ್ಕೆ ಪಿಲ್ಬರಾ ಅಂತ ಒಂದು ಸೀಮೆ. ನೆಲ, ಬಂಡೆ, ದೂಳು ಎಲ್ಲ ನಮ್ಮ ಸಂಡೂರಿನ ಬಣ್ಣ. ಅಲ್ಲಿಯ ಅದಿರಿನ ರೈಲುಗಳು ಎರಡು ಕಿಲೋಮೀಟರಿಗಿಂತ ಉದ್ದ. ರೈಲು ಪೋರ್ಟ್ ಹೆಡ್‌ಲ್ಯಾಂಡಿಗೋ ಡ್ಯಾಂಪಿಯರಿಗೋ ಬರುತ್ತದೆ, ಅಲ್ಲಿಂದ ಹಡಗು ಚೀನಾಕ್ಕೆ ಹೊರಡುತ್ತದೆ. ಒಂದು ತಮಾಷೆ ನೋಡಿ: 1938ರಿಂದ 1960ರವರೆಗೆ ಆಸ್ಟ್ರೇಲಿಯಾ ಕಬ್ಬಿಣದ ಅದಿರಿನ ರಫ್ತನ್ನೇ ನಿಷೇಧಿಸಿತ್ತು. ನಮಗೇ ಸಾಲದೆ ಹೋದೀತು ಎಂಬ ಭಯ! ಆಮೇಲೆ ಬಾಗಿಲು ತೆರೆದರು, ಜಪಾನಿನ ಉಕ್ಕಿನ ಕಾರ್ಖಾನೆಗಳು ಕೊಂಡವು, ವರ್ಷಕ್ಕೊಮ್ಮೆ ಕೂತು ದರ ಮಾತಾಡಿಕೊಳ್ಳುತ್ತಿದ್ದರು. 2000ದ ಆಸುಪಾಸಿನಲ್ಲೂ ಟನ್ನಿಗೆ 15 ಅಮೆರಿಕನ್ ಡಾಲರ್ ಮುಟ್ಟಿರಲಿಲ್ಲ. ಆಮೇಲೆ ಚೀನಾ ಊರು ಕಟ್ಟಲು ಶುರುಮಾಡಿತು. 2005ರ ಒಂದೇ ವರ್ಷದ ಒಪ್ಪಂದದಲ್ಲಿ ದರ 71.5 ಶೇಕಡಾ ಹಾರಿತು. 2011ರ ಹೊತ್ತಿಗೆ ಟನ್ನಿಗೆ 180 ಡಾಲರ್ ದಾಟಿತು.

ಇದೇ ಚೀನಾ, ಇದೇ ವರ್ಷಗಳು, ನಮ್ಮ ಬಳ್ಳಾರಿ. ಹೊಸಪೇಟೆ ರಸ್ತೆಯಲ್ಲಿ ಲಾರಿಯ ಹಿಂದೆ ಲಾರಿ, ಬೇಲೆಕೇರಿ ಬಂದರಿನಲ್ಲಿ ಅದಿರಿನ ಗುಡ್ಡೆ, ಹೆಲಿಕಾಪ್ಟರ್ ಇಟ್ಟುಕೊಂಡ ಹೊಸ ಸಾಹುಕಾರರು. ಕೊನೆಗೆ 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂತು, ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆ ಕತೆ ನಮಗೆಲ್ಲ ಬಾಯಿಪಾಠ. ಆದರೆ ನಾನು ಹೇಳಹೊರಟ ಕಾಯಿಲೆ ಬಳ್ಳಾರಿಯಿಂದ ಭಾರತಕ್ಕೆ ಬರಲಿಲ್ಲ. ಯಾಕೆಂದರೆ ನಾವು ಅದಿರು ಮಾರಿ ಗಳಿಸಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಪೆಟ್ರೋಲಿಯಂಗೆ ಸುರಿಯುತ್ತಿದ್ದೆವು. ಬಳ್ಳಾರಿಯ ಡಾಲರು ರೂಪಾಯಿಯ ಮೈಮೇಲೆ ಕೂದಲನ್ನೂ ಅಲ್ಲಾಡಿಸಲಿಲ್ಲ. ಆಸ್ಟ್ರೇಲಿಯಾ ಹಾಗಲ್ಲ. ಆಗ ಎರಡೂವರೆ ಕೋಟಿಯೂ ಇಲ್ಲದ ಜನ, ಅಷ್ಟು ದೊಡ್ಡ ಗಣಿ. ಅಲ್ಲಿ ಗಣಿ ಸೀನಿದರೆ ಇಡೀ ದೇಶಕ್ಕೆ ನೆಗಡಿ.

ಆ ನೆಗಡಿ ಹತ್ತುವ ದಾರಿ ಹೀಗೆ. ಗಣಿ ಕಂಪನಿ ಅದಿರನ್ನು ಅಮೆರಿಕನ್ ಡಾಲರಿನಲ್ಲಿ ಮಾರುತ್ತದೆ. ಆದರೆ ಡ್ರೈವರಿನ ಸಂಬಳ, ರಾಜ್ಯಕ್ಕೆ ರಾಯಲ್ಟಿ, ಕೇಂದ್ರಕ್ಕೆ ತೆರಿಗೆ, ಕಂಟ್ರಾಕ್ಟರಿನ ಬಿಲ್ಲು ಎಲ್ಲ ಆಸ್ಟ್ರೇಲಿಯನ್ ಡಾಲರಿನಲ್ಲಿ ಕೊಡಬೇಕು. ಹಾಗಾಗಿ ಅದು ಅಮೆರಿಕನ್ ಡಾಲರ್ ಮಾರಿ ಆಸ್ಟ್ರೇಲಿಯನ್ ಡಾಲರ್ ಕೊಳ್ಳುತ್ತದೆ. ಇನ್ನೊಂದು ಕಡೆ ಹೊಸ ಗಣಿ, ಹೊಸ ರೈಲುಮಾರ್ಗ, ಹೊಸ ಅನಿಲ ಸ್ಥಾವರ ಎಂದು ಹೊರಗಿನ ಬಂಡವಾಳ ಬರುತ್ತದೆ, ಅದೂ ಆಸ್ಟ್ರೇಲಿಯನ್ ಡಾಲರನ್ನೇ ಕೊಳ್ಳಬೇಕು. ಊರಲ್ಲಿ ದುಡ್ಡು ಹೆಚ್ಚಾಗಿ ಬೆಲೆಯೇರಿಕೆಯ ಭಯ ಹುಟ್ಟಿದಾಗ ರಿಸರ್ವ್ ಬ್ಯಾಂಕು ಬಡ್ಡಿ ಏರಿಸುತ್ತದೆ. 2010ರ ಕೊನೆಗೆ ಅಲ್ಲಿ ಬಡ್ಡಿ 4.75 ಶೇಕಡಾ, ಅಮೆರಿಕದಲ್ಲಿ ಹೆಚ್ಚುಕಡಿಮೆ ಸೊನ್ನೆ. ಸೊನ್ನೆಗೆ ಸಾಲ ತೆಗೆದು ಐದಕ್ಕೆ ಇಡುವ ಜಾಣರು ಪ್ರಪಂಚದಲ್ಲಿ ಯಾವತ್ತೂ ಕಡಿಮೆಯಿಲ್ಲ. ಅವರೂ ಸರದಿಯಲ್ಲಿ ನಿಂತರು. 2001ರ ಏಪ್ರಿಲಿನಲ್ಲಿ 48 ಅಮೆರಿಕನ್ ಸೆಂಟಿಗೂ ಕೆಳಗೆ ಬಿದ್ದಿದ್ದ ಆಸ್ಟ್ರೇಲಿಯನ್ ಡಾಲರ್ 2011ರ ಜುಲೈನಲ್ಲಿ 110 ಸೆಂಟಿನ ಹತ್ತಿರ ಹೋಯಿತು.

ಈ ಏರಿಕೆಯಿಂದ ಲಂಡನ್ನಿಗೆ ರಜಕ್ಕೆ ಹೋಗುವವನಿಗೆ ಹಬ್ಬ. ಟೀವಿ ಕೊಳ್ಳುವವನಿಗೆ ಹಬ್ಬ. ಗಣಿಯವನಿಗೂ ಅಂಥ ಬೇಜಾರಿಲ್ಲ, ಅದಿರಿನ ದರವೇ ಹತ್ತು ಪಟ್ಟಾಗಿರುವಾಗ ವಿನಿಮಯದಲ್ಲಿ ಒಂದಿಷ್ಟು ಹೋದರೇನು. ಬೆಲೆ ಏರದ ಮಾಲನ್ನು ಹೊರದೇಶಕ್ಕೆ ಮಾರುವವನೇ ಸಿಕ್ಕಿಬೀಳುವವನು. ಕಾರಿನ ಬೆಲೆ ಹತ್ತು ಪಟ್ಟಾಗಲಿಲ್ಲವಲ್ಲ.

ಲೆಕ್ಕ ಹಾಕೋಣ. ಅಂಕಿಗಳು ನನ್ನವು, ಸುಲಭವಾಗಲಿ ಎಂದು ದುಂಡಗೆ ಹಿಡಿದಿದ್ದೇನೆ. ಮೆಲ್ಬರ್ನಿನಲ್ಲಿ ಒಂದು ಕಾರು ಮಾಡಲು 36,000 ಆಸ್ಟ್ರೇಲಿಯನ್ ಡಾಲರ್ ಖರ್ಚು. ಅದರಲ್ಲಿ 10,000 ಹೊರದೇಶದಿಂದ ತರಿಸಿದ ಬಿಡಿಭಾಗಗಳದ್ದು, ಉಳಿದದ್ದು ಸ್ಥಳೀಯ ಸಂಬಳ, ಬಾಡಿಗೆ, ಕರೆಂಟು. ಹೊರದೇಶದಲ್ಲಿ ಈ ಕಾರಿಗೆ 28,000 ಅಮೆರಿಕನ್ ಡಾಲರ್ ಸಿಗುತ್ತದೆ. ಆಸ್ಟ್ರೇಲಿಯನ್ ಡಾಲರ್ 70 ಸೆಂಟು ಇದ್ದಾಗ ಆ 28,000 ಮನೆಗೆ ಬರುವಾಗ 40,000 ಆಗುತ್ತದೆ. ಖರ್ಚು ಕಳೆದರೆ ಕಾರಿಗೆ 4,000 ಲಾಭ. ಈಗ ಡಾಲರ್ 105 ಸೆಂಟಿಗೆ ಏರಲಿ. ಅದೇ ಕಾರು, ಅದೇ ಗಿರಾಕಿ, ಅದೇ 28,000, ಆದರೆ ಮನೆಗೆ ಬರುವುದು 26,667. ಆಮದಿನ ಬಿಡಿಭಾಗ ಅಗ್ಗವಾಗುತ್ತದಲ್ಲ ಎನ್ನುತ್ತೀರಿ. ಹೌದು, ಆ 10,000 ಈಗ 6,667 ಆಗುತ್ತದೆ, ಒಟ್ಟು ಖರ್ಚು 32,667ಕ್ಕೆ ಇಳಿಯುತ್ತದೆ. ಆದರೂ ಕಾರಿಗೆ 6,000 ನಷ್ಟ. ಕಾರಿನಲ್ಲಿ ಕುಂದಿಲ್ಲ, ಕೆಲಸಗಾರನಲ್ಲಿ ಸೋಮಾರಿತನವಿಲ್ಲ, ಮ್ಯಾನೇಜರು ಕಂಪನಿಯ ದುಡ್ಡು ತಿಂದಿಲ್ಲ. ಎರಡು ಸಾವಿರ ಮೈಲಿ ಆಚೆ ಯಾರೋ ಕೆಂಪು ಮಣ್ಣು ಅಗೆದದ್ದಕ್ಕೆ ಇಲ್ಲಿ ಕಾರಿಗೆ 10,000 ಡಾಲರ್ ವ್ಯತ್ಯಾಸ.

2007ರಲ್ಲಿ ನಮ್ಮ ರೂಪಾಯಿಯೂ ಹೀಗೆ ಒಮ್ಮೆ ಕೊಬ್ಬಿತ್ತು. ಡಾಲರಿಗೆ 44 ಇದ್ದದ್ದು ತಿಂಗಳುಗಳಲ್ಲೇ 39ಕ್ಕೆ ಬಂತು. ಅದಕ್ಕೆ ಗಣಿ ಕಾರಣವಲ್ಲ, ಷೇರುಪೇಟೆಗೆ ಸುರಿದ ಹೊರಗಿನ ದುಡ್ಡು ಕಾರಣ. ಆದರೆ ಪೆಟ್ಟು ಬಿದ್ದ ಜಾಗ ಅದೇ. ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್ ಮಾಲೀಕರು ನಮ್ಮ ಕೌಂಟರಿಗೆ ಬಂದು, "ಸಾರ್, ಇವತ್ತು ಬಿಲ್ ಹಾಕಲೋ, ನಾಳೆ ನೋಡಲೋ" ಎಂದು ಜ್ಯೋತಿಷಿಯನ್ನು ಕೇಳುವಂತೆ ಕೇಳುತ್ತಿದ್ದರು. ಫಾರ್ವರ್ಡ್ ಬುಕ್ ಮಾಡಿಕೊಳ್ಳಿ ಎಂದು ನಾವು ಉಪದೇಶ ಮಾಡುತ್ತಿದ್ದೆವು. ಫಾರ್ವರ್ಡ್ ಎಂಬುದು ಆರು ತಿಂಗಳು, ವರ್ಷದ ಮಟ್ಟಿಗೆ ದರ ಕಟ್ಟಿಹಾಕುವ ಉಪಾಯ. ಮಳೆ ನಿಲ್ಲುವವರೆಗೆ ಅಂಗಡಿ ಮಾಡಿನ ಕೆಳಗೆ ನಿಂತ ಹಾಗೆ. ಆಸ್ಟ್ರೇಲಿಯಾದ ಕಾರಿನವರ ಮೇಲೆ ಬಿದ್ದದ್ದು ವರ್ಷಗಟ್ಟಲೆಯ ಮಳೆ.

ಆಲ್ಟೋನಾ ಎಂಬ ಮೆಲ್ಬರ್ನಿನ ಬಡಾವಣೆಯಲ್ಲಿ ಟೊಯೋಟಾ ಕ್ಯಾಮ್ರಿ ಮಾಡುತ್ತಿತ್ತು. ಆ ಕಾರ್ಖಾನೆಯ ಅರ್ಧಕ್ಕಿಂತ ಹೆಚ್ಚು ಕಾರುಗಳು ಹೊರದೇಶಕ್ಕೆ, ಅದರಲ್ಲೂ ಸೌದಿ, ದುಬೈ ಕಡೆಗೆ ಹೋಗುತ್ತಿದ್ದವು. ನಮ್ಮ ಮಂಗಳೂರು, ಭಟ್ಕಳದವರು ಗಲ್ಫಿನಲ್ಲಿ ಏರಿ ಕೂತ ಕ್ಯಾಮ್ರಿ ಎಷ್ಟೋ ಸಲ ಆಲ್ಟೋನಾದ್ದೇ ಇರಬೇಕು. ಗಮನಿಸಬೇಕಾದ್ದು ಇಷ್ಟು: ಸೌದಿಯ ರಿಯಾಲ್ ಅಮೆರಿಕನ್ ಡಾಲರಿಗೆ 3.75ರಂತೆ ಕಟ್ಟಿಹಾಕಿದ ನಾಣ್ಯ, ದುಬೈಯ ದಿರ್ಹಮ್ ಕೂಡ ಹಾಗೇ. ಅಲ್ಲಿಗೆ ರಿಯಾಲಿನಲ್ಲಿ ಮಾರಿದರೂ ಅಮೆರಿಕನ್ ಡಾಲರಿನಲ್ಲಿ ಮಾರಿದ ಹಾಗೆಯೇ. ಮೇಲಿನ ನನ್ನ ಲೆಕ್ಕ ಅವರಿಗೆ ಅಕ್ಷರಶಃ ಅನ್ವಯಿಸುತ್ತದೆ. ಅಡಿಲೇಡ್ ಹತ್ತಿರದ ಎಲಿಜಬೆತ್‌ನಲ್ಲಿ ಹೋಲ್ಡನ್ ಕಂಪನಿಯೂ ಇದೇ ಆಸೆಯಲ್ಲಿ ದೊಡ್ಡ ಕಾರುಗಳನ್ನು ಪಾಂಟಿಯಾಕ್ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಕಳಿಸಿತು. 2009ರಲ್ಲಿ ಜನರಲ್ ಮೋಟಾರ್ಸ್ ದಿವಾಳಿಯಾಗಿ ಪಾಂಟಿಯಾಕ್ ಅನ್ನೇ ಮುಚ್ಚಿದ್ದು ಬೇರೆ ಗ್ರಹಚಾರ, ಅದನ್ನು ಗಣಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಅದಾದ ಮೇಲೆ ಬೇರೆ ರಫ್ತು ಹುಡುಕಲು ಹೊರಟವರಿಗೆ ನೂರು ಸೆಂಟಿನ ಡಾಲರ್ ಅಡ್ಡಗಾಲು ಹಾಕಿತು.

ನನ್ನ ಮಗಳ ಮನೆ ಆಲ್ಟೋನಾದಿಂದ ದೂರವಿಲ್ಲ. ಆ ಪಶ್ಚಿಮದ ಬಡಾವಣೆಗಳಲ್ಲಿ ಈಗ ಕನ್ನಡವೂ ತೆಲುಗೂ ಪಂಜಾಬಿಯೂ ಸಲೀಸಾಗಿ ಕೇಳುತ್ತವೆ. ಪಕ್ಕದ ಮನೆಯಲ್ಲಿ ಗ್ರೀಸಿನಿಂದ ಹುಡುಗನಾಗಿದ್ದಾಗ ಬಂದ ಒಬ್ಬ ಮುದುಕರು. ಕಾರು ಕಂಪನಿಗೆ ಸೀಟು ಮಾಡಿಕೊಡುವ ಫ್ಯಾಕ್ಟರಿಯೊಂದರಲ್ಲಿ ಮೇಸ್ತ್ರಿಯಾಗಿದ್ದವರು. ಟೊಮೆಟೊ ಗಿಡಕ್ಕೆ ನೀರು ಹಾಕುತ್ತಾ ಬೇಲಿಯ ಆಚೆಯಿಂದ ಕತೆ ಹೇಳುತ್ತಾರೆ, ಬೇಲಿಯ ಈಚೆ ನಾನು. ಅವರ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತದೆ, ನನ್ನದು ಅವರಿಗೆ ಕಾಲು. ಸಂಸಾರ ನಡೆಯಲು ಅಷ್ಟು ಸಾಕು.

ಸೀಟಿನ ಕತೆಯಲ್ಲಿ ಒಂದು ಸ್ವಾರಸ್ಯವಿದೆ. ಕಾರು ಕಂಪನಿಯಿಂದ ಇವರಿಗೆ ಕಂಪ್ಯೂಟರಿನಲ್ಲಿ ಪಟ್ಟಿ ಬರುತ್ತಿತ್ತು: ಲೈನಿನಲ್ಲಿ ಮೊದಲು ಬಿಳಿ ಕಾರು, ಬಟ್ಟೆಯ ಸೀಟು, ಆಮೇಲೆ ಕಪ್ಪು ಕಾರು, ಚರ್ಮದ ಸೀಟು, ಆಮೇಲೆ ಎರಡು ಬೂದು ಬಣ್ಣದವು. ಅದೇ ಸರದಿಯಲ್ಲಿ ಚೌಕಟ್ಟಿಗೆ ಸ್ಪಂಜು ಕೂರಿಸಿ, ಹೊದಿಕೆ ಎಳೆದು, ಅದೇ ಸರದಿಯಲ್ಲಿ ಲಾರಿಗೆ ಏರಿಸಬೇಕು. ಕೆಲವೇ ಗಂಟೆಗಳಲ್ಲಿ ಅದು ಕಾರಿನ ಒಳಗಿರಬೇಕು. ಒಂದು ಸೀಟು ಹಿಂದುಮುಂದಾದರೆ ಇಡೀ ಲೈನು ನಿಂತು ಬೈಗುಳ. "ನಾವು ಒಂದು ಸೀಟನ್ನೂ ಹೊರದೇಶಕ್ಕೆ ಮಾರಿದವರಲ್ಲ. ಡಾಲರ್ ಎಷ್ಟಾದರೆ ನಮಗೇನು ಅಂದುಕೊಂಡಿದ್ದೆವು" ಎಂದರು ಮುದುಕರು.

ಡಾಲರ್ ಅವರ ಹತ್ತಿರ ಬಂದದ್ದು ಕೊಟೇಶನ್ನಿನ ರೂಪದಲ್ಲಿ. ಪ್ರತಿವರ್ಷ ಕಾರು ಕಂಪನಿಯ ಖರೀದಿ ವಿಭಾಗದವರು ಬಂದು, ಬೆಲೆ ಇಳಿಸಿ ಎಂದು ಕೇಳುವುದು ಈ ಕಸುಬಿನ ವಾಡಿಕೆ. ಮೊದಲೆಲ್ಲ ಒಂದೆರಡು ಶೇಕಡಾದ ಚೌಕಾಸಿ. ಈಗ ಅವರು ಥಾಯ್ಲೆಂಡಿನ ಕೊಟೇಶನ್ ಹಿಡಿದು ಬಂದರು. ಸೀಟಿನ ಒಳಗಿನ ಒಂದು ಲೋಹದ ಭಾಗ ಎಂದುಕೊಳ್ಳಿ. ಥಾಯ್ಲೆಂಡಿನವನ ದರ 50 ಅಮೆರಿಕನ್ ಡಾಲರ್, ಇವರದ್ದು 65 ಆಸ್ಟ್ರೇಲಿಯನ್ ಡಾಲರ್. 70 ಸೆಂಟಿನ ಕಾಲದಲ್ಲಿ ಥಾಯ್ಲೆಂಡಿನದು 71 ಡಾಲರ್ ಬೀಳುತ್ತಿತ್ತು, ಇವರದೇ ಅಗ್ಗ. 105 ಸೆಂಟಿನಲ್ಲಿ ಅದು 48ಕ್ಕೆ ಇಳಿಯಿತು. ಇವರು ಇಲ್ಲಿ ಏನೂ ಮಾಡಿಲ್ಲ, ಅಲ್ಲಿಯವನೂ ಏನೂ ಮಾಡಿಲ್ಲ. ಸೀಟು ಜೋಡಿಸುವ ಕೆಲಸ ಹತ್ತಿರವೇ ಆಗಬೇಕು, ಸರಿ. ಆದರೆ ಅದರೊಳಗಿನ ಚೌಕಟ್ಟು, ಮೋಟರು, ವೈರು ಒಂದೊಂದಾಗಿ ಹಡಗು ಹತ್ತಿ ಬರಲು ತೊಡಗಿದವು. ರಫ್ತು ಮಾಡದವನೂ ವಿನಿಮಯ ದರಕ್ಕೆ ಸಿಕ್ಕಿಬೀಳುವುದು ಹೀಗೆ. ನಮ್ಮ ಬ್ಯಾಂಕಿಗೆ ಅಂಥವನು ಗಿರಾಕಿಯಾಗಿ ಬರುವುದೇ ಇಲ್ಲ, ಅವನಿಗೆ ಫಾರ್ವರ್ಡ್ ಬುಕ್ ಮಾಡಿ ಎಂದು ಹೇಳುವವರೂ ಇಲ್ಲ.

ಇದರ ಜೊತೆಗೆ ಇನ್ನೊಂದು ಎಳೆತ. ಫ್ಯಾಕ್ಟರಿಯಲ್ಲಿ ಯಂತ್ರ ಕೆಟ್ಟರೆ ನೋಡುತ್ತಿದ್ದ ಒಳ್ಳೆಯ ಎಲೆಕ್ಟ್ರಿಷಿಯನ್ ಒಬ್ಬ ಒಂದು ಸೋಮವಾರ ಪತ್ತೆಯಿಲ್ಲ. ವಿಚಾರಿಸಿದರೆ ಪಿಲ್ಬರಾಕ್ಕೆ ಹೋಗಿದ್ದಾನೆ. ಎರಡು ವಾರ ಗಣಿಯಲ್ಲಿ ದುಡಿಮೆ, ಒಂದು ವಾರ ಮನೆ, ವಿಮಾನದ ಖರ್ಚು ಕಂಪನಿಯದು, ಸಂಬಳ ಇಲ್ಲಿಯದಕ್ಕಿಂತ ಎಷ್ಟೋ ಹೆಚ್ಚು. ಅವನನ್ನು ಉಳಿಸಿಕೊಳ್ಳಲು ಇಲ್ಲಿಯೂ ಸಂಬಳ ಏರಿಸಬೇಕು. ಪೋರ್ಟ್ ಹೆಡ್‌ಲ್ಯಾಂಡಿನಲ್ಲಿ ಆ ಕಾಲಕ್ಕೆ ಸಾಧಾರಣ ಮನೆಯ ಬಾಡಿಗೆ ವಾರಕ್ಕೆ 2,000 ಡಾಲರ್ ಮುಟ್ಟಿತ್ತು. ವಾರಕ್ಕೆ, ತಿಂಗಳಿಗಲ್ಲ. ಗಣಿಯ ದುಡ್ಡು ಅಲ್ಲೇ ನಿಲ್ಲುವುದೂ ಇಲ್ಲ. ಪರ್ತಿನ ಕ್ಷೌರಿಕ, ಸಿಡ್ನಿಯ ವಕೀಲ, ಬ್ರಿಸ್ಬೇನಿನ ಮನೆ ಕಟ್ಟುವ ಕಂಟ್ರಾಕ್ಟರ್, ಎಲ್ಲರೂ ದರ ಏರಿಸಿಕೊಂಡರು. ಕ್ಷೌರಿಕನಿಗೆ ಹೆದರಿಕೆಯಿಲ್ಲ: ತಲೆ ಬೋಳಿಸಿಕೊಳ್ಳಲು ಯಾರೂ ಥಾಯ್ಲೆಂಡಿಗೆ ಹೋಗುವುದಿಲ್ಲ. ಕಾರು ಮಾಡುವವನಿಗೆ ಹಾಗಲ್ಲ, ಖರ್ಚು ಏರಿದರೂ ಬೆಲೆ ಏರಿಸುವಂತಿಲ್ಲ.

ಇವೆರಡು ದಾರಿಗಳನ್ನು ಬೇರೆ ಬೇರೆಯಾಗಿ ಗುರುತಿಸಿ ಸೂತ್ರ ಕಟ್ಟಿದವರು ಮ್ಯಾಕ್ಸ್ ಕಾರ್ಡನ್ ಮತ್ತು ಪೀಟರ್ ನಿಯರಿ, 1982ರಲ್ಲಿ. ಕಾರ್ಡನ್ ಜರ್ಮನಿಯ ಬ್ರೆಸ್ಲೌದಲ್ಲಿ ಹುಟ್ಟಿ, ಹಿಟ್ಲರನ ಕಾಟಕ್ಕೆ 1939ರಲ್ಲಿ ಮೆಲ್ಬರ್ನಿಗೆ ಬಂದ ಯಹೂದಿ ಹುಡುಗ. ಅವರಿಗೂ ಮೊದಲು, 1976ರಲ್ಲಿ, ಬಾಬ್ ಗ್ರೆಗರಿ ಎಂಬ ಆಸ್ಟ್ರೇಲಿಯದ ಅರ್ಥಶಾಸ್ತ್ರಜ್ಞ ಇದನ್ನೇ ಇನ್ನೊಂದು ರೀತಿ ಹೇಳಿದ್ದರು: ಖನಿಜ ರಫ್ತು ಜೋರಾಗಿ ಬೆಳೆದರೆ, ಉಳಿದ ಕೈಗಾರಿಕೆಗಳಿಗೆ ಸರ್ಕಾರ ಆಮದು ಸುಂಕವನ್ನು ಭಾರಿಯಾಗಿ ಇಳಿಸಿದಷ್ಟೇ ಪರಿಣಾಮ. ವ್ಯತ್ಯಾಸವೆಂದರೆ ಸುಂಕ ಇಳಿಸಿದರೆ ಪಾರ್ಲಿಮೆಂಟಿನಲ್ಲಿ ಗಲಾಟೆಯಾಗುತ್ತದೆ, ಡಾಲರ್ ಏರಿದರೆ ಯಾರ ಮನೆ ಮುಂದೆ ಧರಣಿ ಕೂರುವುದು? ಮರುವರ್ಷ ಲಂಡನ್ನಿನ ಪತ್ರಿಕೆಯೊಂದು ಹಾಲೆಂಡಿನ ಅನಿಲ ನಿಕ್ಷೇಪದ ಉದಾಹರಣೆ ಹಿಡಿದು ಇದಕ್ಕೆ ಡಚ್ ಕಾಯಿಲೆ ಎಂದು ಹೆಸರಿಟ್ಟಿತು, ಅದೇ ನಿಂತಿತು. ಗ್ರೆಗರಿ ಪಾಪ ಮೂಲೆಗೆ ಸರಿದರು.

ಈಗ ಸ್ವಲ್ಪ ನಿಧಾನಿಸಬೇಕು. ಕಾರಿನ ಫ್ಯಾಕ್ಟರಿಗಳು ಮುಚ್ಚಿದ್ದು ಗಣಿಯಿಂದಲೇ ಎಂದು ಮುದುಕರು ಮೇಜು ಕುಟ್ಟಿ ಹೇಳುತ್ತಾರೆ. ನಾನು ಅಷ್ಟು ಧೈರ್ಯವಾಗಿ ಹೇಳಲಾರೆ. ಆಸ್ಟ್ರೇಲಿಯಾದ ರಿಸರ್ವ್ ಬ್ಯಾಂಕಿನ ಸಂಶೋಧಕರು 2014ರಲ್ಲಿ ಒಂದು ಅಂದಾಜು ಮಾಡಿದರು. ಗಣಿಯ ಸುಗ್ಗಿ ಬಾರದೇ ಇದ್ದಿದ್ದರೆ 2013ರಲ್ಲಿ ದೇಶ ಹೇಗಿರುತ್ತಿತ್ತು ಎಂದು ಮಾದರಿ ಹಾಕಿ ನೋಡಿದರು. ಸುಗ್ಗಿಯಿಂದ ಮನೆಮಂದಿಯ ತಲಾ ನೈಜ ಆದಾಯ 13 ಶೇಕಡಾ ಹೆಚ್ಚಿತು, ನಿರುದ್ಯೋಗ ಇಳಿಯಿತು, ಕೈಗಾರಿಕಾ ಉತ್ಪಾದನೆ ಮಾತ್ರ ಸುಮಾರು 5 ಶೇಕಡಾ ಕಡಿಮೆಯಾಯಿತು ಎಂದು ಬಂತು. ಐದೇ ಶೇಕಡಾ! ಗಣಿಗೇ ಉಕ್ಕಿನ ಚೌಕಟ್ಟು, ಯಂತ್ರದ ದುರಸ್ತಿ ಬೇಕಾಗಿ ಕೆಲವು ಕಾರ್ಖಾನೆಗಳಿಗೆ ಲಾಭವೇ ಆಯಿತು, ಅದೂ ಈ ಸರಾಸರಿಯಲ್ಲಿ ಸೇರಿದೆ. ಆದರೆ ಸರಾಸರಿ ಎಂಬುದು ಮೋಸಗಾರ. ಸಿಮೆಂಟಿನವನಿಗೂ ಬ್ರೆಡ್ಡಿನವನಿಗೂ ಹೊರಗಿನ ಪೈಪೋಟಿ ಕಡಿಮೆ, ಅವರಿಗೆ ಪೆಟ್ಟು ಬೀಳಲೇ ಇಲ್ಲ. ಅವರ ಪಾಲಿನದನ್ನೂ ಸೇರಿಸಿ ಕಾರಿನವನು ತಿಂದ.

ಕಾರಿನವನಿಗೆ ಹಳೆಯ ಕಾಯಿಲೆಗಳೂ ಇದ್ದವು. ಒಂದು ಕಾಲಕ್ಕೆ 57.5 ಶೇಕಡಾ ಇದ್ದ ಆಮದು ಸುಂಕ 2005ರಲ್ಲಿ 10ಕ್ಕೆ, 2010ರಲ್ಲಿ 5ಕ್ಕೆ ಇಳಿಯಿತು. ಥಾಯ್ಲೆಂಡಿನೊಡನೆ ಮುಕ್ತ ವ್ಯಾಪಾರ ಒಪ್ಪಂದವಾಗಿ ಅಲ್ಲಿಯ ಪಿಕಪ್‌ಗಳು ಸುಂಕವಿಲ್ಲದೆ ಬಂದವು, ಇಲ್ಲಿಯ ದೊಡ್ಡ ಎಂಜಿನ್ನಿನ ಕಾರಿಗೆ ಮಾತ್ರ ಅಲ್ಲಿ ಎಂಜಿನ್ ಗಾತ್ರದ ತೆರಿಗೆ ಅಡ್ಡ ನಿಂತಿತು. ಜನಕ್ಕೆ ದೊಡ್ಡ ಸೆಡಾನ್ ಬೇಡವಾಯಿತು. ಕಾರಿನ ಕಾರ್ಖಾನೆ ಗಿಟ್ಟಬೇಕಾದರೆ ವರ್ಷಕ್ಕೆ ಎರಡು ಲಕ್ಷಕ್ಕೂ ಮೇಲೆ ಕಾರು ಮಾಡಬೇಕು ಎನ್ನುತ್ತಾರೆ. 2013ರಲ್ಲಿ ಟೊಯೋಟಾ, ಹೋಲ್ಡನ್, ಫೋರ್ಡ್ ಮೂರು ಕಂಪನಿಗಳೂ ಸೇರಿ ಮಾಡಿದ್ದು ಅಷ್ಟೇ. ಇದೆಲ್ಲ ನಿಜ. ಆದರೆ ನೂರು ಸೆಂಟಿನ ಡಾಲರ್ ಬಾರದಿದ್ದರೆ ರಫ್ತಿನಿಂದ ಆ ಸಂಖ್ಯೆ ಏರಿಸಿಕೊಳ್ಳುವ ಒಂದು ಬಾಗಿಲು ತೆರೆದಿರುತ್ತಿತ್ತು. ಮುಚ್ಚಿದ್ದು ಆ ಬಾಗಿಲು.

ಮುಚ್ಚಿದ ಕ್ರಮ ನೋಡಿ. 2013ರ ಮೇ ತಿಂಗಳಲ್ಲಿ ಫೋರ್ಡ್ ಹೊರಡುತ್ತೇನೆ ಎಂದಿತು. ಡಿಸೆಂಬರಿನಲ್ಲಿ ಹೋಲ್ಡನ್. ಎರಡೇ ತಿಂಗಳಿಗೆ, 2014ರ ಫೆಬ್ರವರಿಯಲ್ಲಿ, ಟೊಯೋಟಾ. ಇಬ್ಬರು ಹೋದ ಮೇಲೆ ಮೂರನೆಯವನು ಉಳಿಯುವುದು ಯಾಕೆ ಕಷ್ಟ ಎಂಬುದನ್ನು ಸೀಟಿನ ಮುದುಕರೇ ಹೇಳಿದರು: "ನಾವು ಒಬ್ಬರಿಗೇ ಮಾಡಿಕೊಡುವುದಾದರೆ ಸೀಟಿನ ಬೆಲೆ ಏರಿಸಬೇಕು, ಏರಿಸಿದರೆ ಅವರೂ ಹೋಗುತ್ತಾರೆ." ಮೂವರೂ ಹೋದರು. ಇಲ್ಲಿ ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ ಸಂಗತಿ ಬೇರೆ ಇದೆ. ಘೋಷಣೆ ಆದ ಹೊತ್ತಿಗಾಗಲೇ ಡಾಲರ್ ಇಳಿಯಲು ಶುರುವಾಗಿತ್ತು. 2015ರ ಸೆಪ್ಟೆಂಬರಿನಲ್ಲಿ ಅದು 70 ಸೆಂಟಿಗೆ ಬಂದಿತ್ತು, ಅಂದರೆ ನನ್ನ ಲೆಕ್ಕದಲ್ಲಿ ಕಾರಿಗೆ 4,000 ಲಾಭ ಸಿಗುವ ದರ. ಅದೇ ವರ್ಷದ ಕೊನೆಗೆ ಅದಿರು 40 ಡಾಲರಿಗಿಂತ ಕೆಳಗೆ ಬಿತ್ತು. ಆಗಿನ್ನೂ ಮೂರೂ ಕಾರ್ಖಾನೆಗಳಲ್ಲಿ ಕಾರು ತಯಾರಾಗುತ್ತಲೇ ಇತ್ತು! ಫೋರ್ಡ್ ಬಾಗಿಲು ಹಾಕಿದ್ದು 2016ರ ಅಕ್ಟೋಬರಿನಲ್ಲಿ, ಟೊಯೋಟಾ ಮತ್ತು ಹೋಲ್ಡನ್ 2017ರ ಅಕ್ಟೋಬರಿನಲ್ಲಿ.

ಹಾಗಾದರೆ ನಿರ್ಧಾರ ಬದಲಿಸಬಹುದಿತ್ತಲ್ಲ ಎಂದು ನಾನೂ ಬೇಲಿಯ ಮೇಲೆ ಮೊಣಕೈ ಊರಿ ಕೇಳಿದೆ. ಮುದುಕರು ನೀರಿನ ಪೈಪು ಕೆಳಗಿಟ್ಟರು. ಹೊಸ ಮಾದರಿಯ ಕಾರನ್ನು ಯಾವ ದೇಶದಲ್ಲಿ ಮಾಡುವುದು ಎಂಬುದು ವರ್ಷಗಳ ಮುಂಚೆಯೇ ನಿಶ್ಚಯವಾಗುತ್ತದೆ. ಅಚ್ಚುಗಳನ್ನು ಕೊರೆಸಬೇಕು, ಯಂತ್ರಕ್ಕೆ ದುಡ್ಡು ಹಾಕಬೇಕು, ಬಿಡಿಭಾಗದವರೊಡನೆ ಒಪ್ಪಂದವಾಗಬೇಕು. ಡಾಲರ್ ಹತ್ತಿರಹತ್ತಿರ ಒಂದಕ್ಕೊಂದು ಇದ್ದ ವರ್ಷಗಳಲ್ಲೇ ಮುಂದಿನ ಮಾದರಿಯ ಪಟ್ಟಿಯಿಂದ ಆಸ್ಟ್ರೇಲಿಯಾ ಬಿಟ್ಟುಹೋಗಿತ್ತು. ಆಮೇಲೆ ಡಾಲರ್ ಇಳಿದರೆ ಮಾಡಲು ಹೊಸ ಕಾರೇ ಇಲ್ಲ. ಅಷ್ಟರಲ್ಲಿ ಅಚ್ಚು ಕೊರೆಯುವವನು ಅಂಗಡಿ ಮಾರಿದ್ದ, ಎಲೆಕ್ಟ್ರಿಷಿಯನ್ ಪರ್ತಿನಲ್ಲಿ ಮನೆ ಕೊಂಡಿದ್ದ. ಇಡೀ ಡಚ್ ಕಾಯಿಲೆಯ ಚರ್ಚೆಯಲ್ಲಿ ನನಗೆ ಮುಖ್ಯವೆನಿಸುವುದು ಇದೊಂದೇ: ದರ ಏರಿದ್ದು ಇಳಿಯುತ್ತದೆ, ಕಾರ್ಖಾನೆ ಮುಚ್ಚಿದ್ದು ತೆರೆಯುವುದಿಲ್ಲ. ಸುಗ್ಗಿ ಶಾಶ್ವತವಾಗಿದ್ದರೆ ಕಾರು ಬಿಟ್ಟು ಮಣ್ಣು ಹಿಡಿದದ್ದು ಜಾಣತನವೇ. ಸುಗ್ಗಿ ಹತ್ತು ವರ್ಷದ್ದಾದರೆ ಅದು ಬೇರೆ ಮಾತು. ತಮಾಷೆಯೆಂದರೆ ಸುಗ್ಗಿ ನಡೆಯುತ್ತಿರುವಾಗ ಅದು ಎಷ್ಟು ವರ್ಷದ್ದು ಎಂದು ಹೇಳಬಲ್ಲವರು ಯಾರೂ ಇರುವುದಿಲ್ಲ, ಹೇಳುವವರು ಮಾತ್ರ ಬೇಕಾದಷ್ಟು ಜನ.

ಔಷಧ ಇರಲಿಲ್ಲವೇ? ನಾರ್ವೆ ದೇಶ ತೈಲದ ದುಡ್ಡನ್ನು ಒಂದು ನಿಧಿಗೆ ಹಾಕುತ್ತದೆ, ಆ ನಿಧಿ ಹೂಡುವುದು ಹೊರದೇಶಗಳಲ್ಲಿ ಮಾತ್ರ. ದುಡ್ಡು ಊರೊಳಗೆ ಬಾರದಿದ್ದರೆ ನಾಣ್ಯದ ಮೇಲೆ ಅಷ್ಟು ಒತ್ತಡವಿಲ್ಲ, ಕ್ಷೌರಿಕನ ದರವೂ ಅಷ್ಟು ಏರುವುದಿಲ್ಲ. ಆಸ್ಟ್ರೇಲಿಯಾ 2010ರಲ್ಲಿ ಗಣಿಯ ಅಧಿಕ ಲಾಭದ ಮೇಲೆ 40 ಶೇಕಡಾ ತೆರಿಗೆ ಹಾಕಲು ಹೊರಟಿತು. ಗಣಿ ಕಂಪನಿಗಳು ಟೀವಿಯಲ್ಲಿ ಜಾಹೀರಾತಿನ ಮಳೆ ಸುರಿಸಿದವು, ಕೆಲವೇ ವಾರಗಳಲ್ಲಿ ಪ್ರಧಾನಿ ಕೆವಿನ್ ರಡ್ ತಮ್ಮ ಪಕ್ಷದೊಳಗೇ ಕುರ್ಚಿ ಕಳೆದುಕೊಂಡರು. ಕೊನೆಗೆ 2012ರಲ್ಲಿ ಸಣಕಲಾದ ಒಂದು ತೆರಿಗೆ ಬಂತು. ಮೊದಲ ಆರು ತಿಂಗಳಲ್ಲಿ 126 ಮಿಲಿಯನ್ ಡಾಲರ್ ವಸೂಲಾಯಿತು, ಆ ಗಾತ್ರದ ಗಣಿಗೆ ಅದು ಕಡಲೆಪುರಿ. 2014ರಲ್ಲಿ ಅದನ್ನೂ ರದ್ದು ಮಾಡಿದರು. ಸುಗ್ಗಿಯ ದುಡ್ಡಿನ ಗಣನೀಯ ಪಾಲು ಅಷ್ಟರಲ್ಲಿ ಆದಾಯ ತೆರಿಗೆಯ ವಿನಾಯಿತಿಗಳಾಗಿ ಊರೊಳಗೇ ಖರ್ಚಾಗಿತ್ತು. ಕಾರಿನ ಕಂಪನಿಗಳಿಗೆ ನೇರವಾಗಿ ಸಹಾಯಧನ ಕೊಟ್ಟರೆ? ಕೊಟ್ಟರು, ವರ್ಷಗಟ್ಟಲೆ. ಆದರೆ ಒಬ್ಬನನ್ನು ಎತ್ತಿ ಹಿಡಿದರೆ ಡಾಲರ್ ಇಳಿಯುವುದಿಲ್ಲ, ಆ ಭಾರ ದ್ರಾಕ್ಷಾರಸದವನು, ಗೋಧಿಯವನು, ವಿದೇಶಿ ವಿದ್ಯಾರ್ಥಿಗಳನ್ನು ನಂಬಿದ ವಿಶ್ವವಿದ್ಯಾಲಯಗಳು ಹೊರಬೇಕು. ಮೆಲ್ಬರ್ನಿಗೆ ಓದಲು ಮಗನನ್ನು ಕಳಿಸಿದ ನಮ್ಮ ಬೆಂಗಳೂರಿನ ಅಪ್ಪಂದಿರಿಗೆ ಆ ವರ್ಷಗಳ ಫೀಸು ಈಗಲೂ ನೆನಪಿರಬಹುದು.

ನನ್ನ ತೀರ್ಪು ಕೇಳಿದರೆ: ದುಡ್ಡನ್ನು ಹೊರಗಿಡುವ ನಾರ್ವೆಯ ದಾರಿ ಸರಿಯಾಗಿತ್ತು. ಅದು ಕಾರನ್ನು ಖಂಡಿತ ಉಳಿಸುತ್ತಿತ್ತು ಎಂದು ಹೇಳಲಾರೆ, ಆದರೆ ಡಾಲರನ್ನು ಹತ್ತು ಹದಿನೈದು ಸೆಂಟು ಕೆಳಗಿಟ್ಟಿದ್ದರೂ ಆಲ್ಟೋನಾದವರಿಗೆ ಮುಂದಿನ ಮಾದರಿ ಕೇಳಲು ಒಂದು ಬಾಯಿ ಇರುತ್ತಿತ್ತು. ಅದಿರು ಈಗಲೂ ಆಸ್ಟ್ರೇಲಿಯಾದ ಅತಿ ದೊಡ್ಡ ರಫ್ತುಗಳಲ್ಲಿ ಒಂದು. 2020ರ ಫೆಬ್ರವರಿಯಲ್ಲಿ ಜನರಲ್ ಮೋಟಾರ್ಸ್, ಹೋಲ್ಡನ್ ಎಂಬ ಹೆಸರನ್ನೇ ಮಾರುಕಟ್ಟೆಯಿಂದ ಕೈಬಿಡುವುದಾಗಿ ಪ್ರಕಟಿಸಿತು. ಆ ವಾರ ಆಸ್ಟ್ರೇಲಿಯನ್ ಡಾಲರ್ 67 ಸೆಂಟಿನ ಆಸುಪಾಸಿನಲ್ಲಿತ್ತು.